ನೋಟಿಸ್ ಬೋರ್ಡಿನ ಮೂವತ್ತು ದಿನ

(ಶಿರಸಿಯಲ್ಲಿ, ತಂದೆತಾಯಿಯರೂ ಓದು ಮುಗಿಸಿದ ಮಕ್ಕಳೂ ಒಟ್ಟಿಗೆ ಕುಳಿತಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರಿಗೆ ಗೌರವ ಕೊಡಬೇಕೋ ಬೇಡವೋ ಎಂದು ಕೇಳಿದರೆ ಇಲ್ಲಿ ಕೂತ ಎಲ್ಲರೂ ಕೊಡಬೇಕು ಎನ್ನುತ್ತೀರಿ. ದೊಡ್ಡವರಾದ ಮಕ್ಕಳು ತಮ್ಮ ಬದುಕನ್ನು ತಾವೇ ನಿರ್ಧರಿಸಬಹುದೋ ಎಂದು ಕೇಳಿದರೂ ಹೆಚ್ಚಿನವರು ಹೌದೆನ್ನುತ್ತೀರಿ. ಮಾತು ಮುರಿಯುವುದು ಯಾರು, ಯಾವಾಗ, ಯಾರಿಗೆ, ಯಾವ ಕ್ರಮದಲ್ಲಿ ಹೇಳಿದರು ಎನ್ನುವಲ್ಲಿ. ಹಾಗಾಗಿ ಇವತ್ತು ತತ್ವದ ಗೊಡವೆ ಬಿಟ್ಟು ಒಂದೇ ಒಂದು ಪ್ರಸಂಗವನ್ನು ದಿನಾಂಕ ಸಮೇತ ನೋಡೋಣ. ಉದ್ಯೋಗದ ಆಯ್ಕೆ ತಪ್ಪಿದರೆ ತಿರುಗಿ ಬರಲು ದಾರಿ ಇರುತ್ತದೆ. ಮದುವೆಗೆ ಅಷ್ಟು ಸಲೀಸು ದಾರಿಯಿಲ್ಲವಾದ್ದರಿಂದ ಮದುವೆಯನ್ನೇ ತೆಗೆದುಕೊಳ್ಳುತ್ತೇನೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಡುಗಿ ಶಿರಸಿ ತಾಲ್ಲೂಕಿನ ಹವ್ಯಕ ಮನೆಯವಳು, ವಯಸ್ಸು 26. ಮನೆಯಲ್ಲಿ ಅಪ್ಪಯ್ಯ, ಆಯಿ, ಒಬ್ಬ ತಮ್ಮ, ಎರಡು ಎಕರೆ ಅಡಿಕೆ ತೋಟ. ಹುಡುಗ ಹೊನ್ನಾವರದ ಕ್ಯಾಥೊಲಿಕ್ ಮನೆಯವನು, ವಯಸ್ಸು 28. ಇಬ್ಬರೂ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾರೆ. ಅವಳು ಬ್ಯಾಂಕಿನಲ್ಲಿ, ಅವನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ಮದುವೆಯಾಗಬೇಕೆಂದು ತೀರ್ಮಾನಿಸಿದ್ದಾರೆ. ಯಾರೂ ಧರ್ಮ ಬದಲಿಸುವ ಯೋಚನೆಯಲ್ಲಿಲ್ಲ.

ಅವರ ಮುಂದೆ ಇರುವ ದಾರಿಗಳು ಹೆಚ್ಚಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ ಇಬ್ಬರೂ ಹಿಂದೂಗಳಾಗಿರಬೇಕು, ಅಂದರೆ ಅವನು ಮತಾಂತರವಾಗಬೇಕು. 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಸಾಕು, ಆದರೆ ಆಗ ಮದುವೆ ಒಂದು ಮನೆಯ ಅಂಗಳದಲ್ಲಿ ಮಾತ್ರ ಆದ ಹಾಗೆ. ಮೂರನೆಯದು 1954ರ ವಿಶೇಷ ವಿವಾಹ ಕಾಯ್ದೆ, ಜನರ ಬಾಯಲ್ಲಿ ‘ರಿಜಿಸ್ಟರ್ ಮದುವೆ’. ಇಲ್ಲಿ ಯಾರೂ ಏನನ್ನೂ ಬಿಡಬೇಕಾಗಿಲ್ಲ. ಬದಲಿಗೆ ಮೂವತ್ತು ದಿನ ಕಾಯಬೇಕು. ಈ ಮೂವತ್ತು ದಿನಗಳ ಬಗ್ಗೆಯೇ ನನ್ನ ಇವತ್ತಿನ ಮಾತು.

ಇಬ್ಬರೂ ಹಿಂದೂಗಳಾಗಿ ಜಾತಿ ಮಾತ್ರ ಬೇರೆಯಾದಾಗ ಈ ಕಾಯುವಿಕೆ ತಪ್ಪಿಸಲು ಹುಡುಗರು ಹುಡುಕುವ ಒಂದು ಅಡ್ಡದಾರಿ ಇದೆ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಒಂದು ದೇವಸ್ಥಾನದ ಮುಂದೆ ಹಾರ ಹಾಕಿಕೊಂಡು ಫೋಟೋ ತೆಗೆಸಿ, ರಸೀದಿ ಹಿಡಿದು ನೋಂದಣಿ ಮಾಡಿಸುವುದು. 2024ರಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿತು: ಹಿಂದೂ ವಿವಾಹ ಕಾಯ್ದೆಯಡಿ ಸಪ್ತಪದಿಯಂಥ ವಿಧಿ ನಿಜವಾಗಿ ನಡೆಯದೆ ಇದ್ದರೆ ಕೈಯಲ್ಲಿ ನೋಂದಣಿ ಪತ್ರ ಇದ್ದರೂ ಅದು ಮದುವೆಯಲ್ಲ. ನಾಳೆ ವಿಮೆಗೋ ಆಸ್ತಿಗೋ ಆ ಕಾಗದ ಬೇಕಾದಾಗ ಎದುರು ಕಕ್ಷಿಯ ವಕೀಲರು ಮೊದಲು ಕೇಳುವುದೇ ಇದನ್ನು. ಅವಸರದಲ್ಲಿ ಉಳಿಸಿದ ಒಂದು ತಿಂಗಳನ್ನು ಆಮೇಲೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ತೀರಿಸಬೇಕಾಗುತ್ತದೆ.

ಈಗ ನಮ್ಮ ಜೋಡಿಗೆ ಬರೋಣ. ವಿಶೇಷ ವಿವಾಹ ಕಾಯ್ದೆ ಕೇಳುವ ಷರತ್ತುಗಳು ನಾಲ್ಕೇ. ಇಬ್ಬರಿಗೂ ಬದುಕಿರುವ ಗಂಡ ಅಥವಾ ಹೆಂಡತಿ ಇರಬಾರದು. ಒಪ್ಪಿಗೆ ಕೊಡುವಷ್ಟು ಮಾನಸಿಕ ಸ್ವಾಸ್ಥ್ಯ ಇರಬೇಕು. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಕಾಯ್ದೆ ನಿಷೇಧಿಸಿದ ರಕ್ತಸಂಬಂಧದೊಳಗೆ ಇರಬಾರದು. ಈ ಪಟ್ಟಿಯಲ್ಲಿ ತಂದೆತಾಯಿಯ ಒಪ್ಪಿಗೆ ಎಂಬ ಸಾಲು ಇಲ್ಲ. ಜಾತಿ, ಗೋತ್ರ, ಜಾತಕ, ಸಂಬಳ ಯಾವುದೂ ಇಲ್ಲ. ಕಚೇರಿಯ ಗುಮಾಸ್ತರು ಯಾರಾದರೂ ‘ಮನೆಯವರನ್ನು ಕರೆದುಕೊಂಡು ಬನ್ನಿ’ ಎಂದರೆ ಅದು ಅವರ ಸ್ವಂತ ಮಾತು. ಯಾವ ನಿಯಮದಡಿ ಕೇಳುತ್ತೀರಿ ಎಂದು ಬರೆದು ಕೊಡಲು ವಿನಯದಿಂದಲೇ ಕೇಳಿ.

ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ದಿನಕ್ಕೆ ಹಿಂದಿನ ಮೂವತ್ತು ದಿನ ಆ ವಿವಾಹಾಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ನಮ್ಮ ರಾಜ್ಯದಲ್ಲಿ ಸಬ್ ರಿಜಿಸ್ಟ್ರಾರರೇ ವಿವಾಹಾಧಿಕಾರಿ. ನಮ್ಮವರಿಬ್ಬರೂ ಹುಬ್ಬಳ್ಳಿಯಲ್ಲಿ ಇದ್ದಾರೆ. ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್ಕಿನಂಥ ವಿಳಾಸದ ದಾಖಲೆ, ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮೊದಲು ಮದುವೆಯಾಗಿಲ್ಲ ಎಂಬ ಪ್ರಮಾಣಪತ್ರ, ಫೋಟೋ ಇಟ್ಟುಕೊಂಡು ಅಲ್ಲೇ ನೋಟಿಸ್ ಕೊಡಬಹುದು. ಅಧಿಕಾರಿ ಅದನ್ನು ವಿವಾಹ ನೋಟಿಸ್ ಪುಸ್ತಕಕ್ಕೆ ಏರಿಸಿ, ಒಂದು ಪ್ರತಿಯನ್ನು ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅಂಟಿಸುತ್ತಾರೆ.

ಬಹಳ ಹುಡುಗರಿಗೆ ಗೊತ್ತಿಲ್ಲದ ಸಂಗತಿ ಇದರ ನಂತರ ಬರುತ್ತದೆ. ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಇಬ್ಬರಲ್ಲಿ ಯಾರಾದರೂ ಬೇರೆ ಕಡೆಯ ಖಾಯಂ ನಿವಾಸಿಯಾಗಿದ್ದರೆ ನೋಟಿಸಿನ ಒಂದು ಪ್ರತಿ ಆ ಊರಿನ ವಿವಾಹಾಧಿಕಾರಿಗೂ ಹೋಗಬೇಕು, ಅಲ್ಲಿಯ ಬೋರ್ಡಿಗೂ ಬೀಳಬೇಕು. ಹುಬ್ಬಳ್ಳಿಯಲ್ಲಿ ಕೊಟ್ಟ ನೋಟಿಸು ಶಿರಸಿಯ ಕಚೇರಿಗೂ ಬರುತ್ತದೆ, ಹೊನ್ನಾವರದ ಕಚೇರಿಗೂ ಹೋಗುತ್ತದೆ. ದೂರದ ಪೇಟೆಯಲ್ಲಿ ಮಾಡಿಕೊಂಡರೆ ಊರಿಗೆ ತಿಳಿಯುವುದಿಲ್ಲ ಎಂಬ ಲೆಕ್ಕ ಕೆಡುವುದು ಇಲ್ಲೇ. ಸಬ್ ರಿಜಿಸ್ಟ್ರಾರ್ ಆಫೀಸು ಎಂದರೆ ಜಮೀನಿನ ಕಾಗದ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಹೋಗಿ ನಿಲ್ಲುವ ಜಾಗ. ಬೋಜಾ ತೆಗೆಸಲು ಬಂದ ಯಾರೋ ಬೋರ್ಡು ಓದುತ್ತಾರೆ, ಸಂಜೆ ಸೊಸೈಟಿಯಲ್ಲಿ ಅಡಿಕೆ ವಿಕ್ರಿಯ ಮಧ್ಯೆ ಅಪ್ಪಯ್ಯನ ಭುಜ ಮುಟ್ಟಿ ‘ಕೂಸಿಂದು ನಿಶ್ಚಯ ಆತಂತೆ?’ ಎಂದು ಕೇಳುತ್ತಾರೆ.

ಆ ಒಂದು ಪ್ರಶ್ನೆಯಿಂದ ಆಗುವ ಗಾಯ ದೊಡ್ಡದು. ಎಷ್ಟೋ ಮನೆಗಳಲ್ಲಿ ಜಗಳವನ್ನು ಬಿಡಿಸಿ ನೋಡಿದರೆ ತಳದಲ್ಲಿರುವುದು ಹುಡುಗನ ಜಾತಿಗಿಂತ ಹೆಚ್ಚಾಗಿ ‘ನನಗೆ ಹೇಳದೆ ಊರಿಗೆ ಹೇಳಿದಳು’ ಎಂಬುದು. ಜಾತಿಯ ಮಾತು ಮೇಲೆ ಬರುವುದು ಅದನ್ನು ಹೇಳುವುದು ಸುಲಭ ಎಂಬ ಕಾರಣಕ್ಕೆ. ನನ್ನ ಅಭಿಪ್ರಾಯದಲ್ಲಿ ಹಿರಿಯರಿಗೆ ಕೊಡುವ ಗೌರವ ಎಂದರೆ ಇಲ್ಲಿ ತೀರಾ ನಿರ್ದಿಷ್ಟವಾದ ಒಂದು ಕೆಲಸ: ಬೋರ್ಡು ಹೇಳುವ ಮೊದಲು ಮಕ್ಕಳು ಹೇಳಬೇಕು. ಎಷ್ಟು ಮೊದಲು? ಕನಿಷ್ಠ ಮೂರು ನಾಲ್ಕು ವಾರ. ನೋಟಿಸಿನ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದರೆ ಅದನ್ನು ಯಾರೂ ತಿಳಿಸಿದ್ದು ಎನ್ನುವುದಿಲ್ಲ, ಎಚ್ಚರಿಕೆ ಕೊಟ್ಟದ್ದು ಎನ್ನುತ್ತಾರೆ.

ಕಾಲವನ್ನೂ ನೋಡಬೇಕು. ನವೆಂಬರಿನಿಂದ ಫೆಬ್ರವರಿಯ ತನಕ ಅಡಿಕೆಯ ಕೊನೆಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಇವತ್ತು ಬರುತ್ತಾನೋ ನಾಳೆಯೋ ಎಂದು ಕಾಯುತ್ತಿರುವ ಮನುಷ್ಯನ ಹತ್ತಿರ ಇಂಥ ಮಾತು ತೆಗೆದರೆ ಸಿಗುವ ಉತ್ತರ ಅವನ ಉತ್ತರವಾಗಿರುವುದಿಲ್ಲ, ಆಯಾಸದ ಉತ್ತರವಾಗಿರುತ್ತದೆ. ನಮ್ಮ ಹುಡುಗಿ ಕೊಯ್ಲಿನ ನಡುವೆ ಒಂದಿಷ್ಟು ಬಿಡುವು ಸಿಕ್ಕ ಜನವರಿಯ ಮೊದಲ ವಾರ ಊರಿಗೆ ಬಂದು, ಮೊದಲು ಆಯಿಗೆ, ಮಾರನೆಯ ದಿನ ಅಪ್ಪಯ್ಯನಿಗೆ, ತಾನೇ ಹೇಳಿದಳು ಎಂದುಕೊಳ್ಳೋಣ. ಮಾವನನ್ನೋ ದೊಡ್ಡಪ್ಪನನ್ನೋ ಮಧ್ಯಸ್ಥಿಕೆಗೆ ಮೊದಲೇ ಹಿಡಿಯಲಿಲ್ಲ. ಹಾಗೆ ಹಿಡಿದರೆ ತಂದೆಗೆ ತಾನು ಎರಡನೆಯವನಾಗಿ ತಿಳಿದುಕೊಂಡೆ ಎನಿಸುತ್ತದೆ; ಅದೂ ಬೋರ್ಡಿನದೇ ಗಾಯ, ಸ್ವಲ್ಪ ಚಿಕ್ಕದು ಅಷ್ಟೆ.

ಆಮೇಲೆ ಫೆಬ್ರವರಿ 2ಕ್ಕೆ ನೋಟಿಸು ಕೊಟ್ಟರು, ಅದೇ ದಿನ ಬೋರ್ಡಿಗೆ ಬಿತ್ತು ಎಂದಿಟ್ಟುಕೊಳ್ಳಿ. ಮೂವತ್ತು ದಿನ ಮಾರ್ಚ್ 4ಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಮದುವೆಯಾಗಬಹುದು. ಆದರೆ ನೋಟಿಸಿನ ಆಯುಷ್ಯ ಮೂರೇ ತಿಂಗಳು. ಮೇ 2ರೊಳಗೆ ಮದುವೆ ಆಗದಿದ್ದರೆ ಅದು ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ನೋಟಿಸು, ಮತ್ತೆ ಬೋರ್ಡು. ‘ಅಪ್ಪಯ್ಯ ಇನ್ನೊಂದು ಸ್ವಲ್ಪ ದಿನ ತಡೆಯಿರಿ ಅಂದಿದ್ದಾರೆ’ ಎಂದು ಕಾಯುವವರು ಈ ಎರಡು ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ತಂದೆಗೂ ತೋರಿಸಬೇಕು. ತಡೆಯಲು ಜಾಗ ಇದೆ, ಆದರೆ ಎರಡು ತಿಂಗಳಿಗಿಂತ ಕಡಿಮೆ ಜಾಗ. ಇದನ್ನು ಮುಚ್ಚಿಟ್ಟರೆ ಏಪ್ರಿಲ್ ಕೊನೆಯಲ್ಲಿ ಮಗಳು ಏಕಾಏಕಿ ಅವಸರ ಮಾಡಿದಳು ಎನಿಸುತ್ತದೆ.

ಈ ಮೂವತ್ತು ದಿನಗಳಲ್ಲಿ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ತಂದೆಯೇ ಆಗಬೇಕೆಂದಿಲ್ಲ, ದಾರಿಹೋಕರೂ ಕೊಡಬಹುದು. ಆದರೆ ಆಕ್ಷೇಪಣೆಗೆ ಕಾರಣ ಆಗಲೇ ಹೇಳಿದ ಆ ನಾಲ್ಕು ಷರತ್ತುಗಳಲ್ಲಿ ಒಂದು ಮುರಿದಿದೆ ಎಂಬುದು ಮಾತ್ರ. ‘ನಮ್ಮ ಮನೆತನಕ್ಕೆ ಒಪ್ಪುವುದಿಲ್ಲ’ ಎಂದು ನಾಲ್ಕು ಪುಟ ಬರೆದುಕೊಟ್ಟರೂ ಅದು ಕಾನೂನಿನ ಕಣ್ಣಿನಲ್ಲಿ ಆಕ್ಷೇಪಣೆಯಲ್ಲ. ಆಕ್ಷೇಪಣೆ ಬಂದರೆ ಅಧಿಕಾರಿ ಅದನ್ನು ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಪಡೆದು, ಮೂವತ್ತು ದಿನದೊಳಗೆ ವಿಚಾರಣೆ ಮುಗಿಸಬೇಕು. ಮಾರ್ಚ್ 1ಕ್ಕೆ ಆಕ್ಷೇಪಣೆ ಬಿದ್ದರೆ 31ರೊಳಗೆ ತೀರ್ಮಾನ. ಎತ್ತಿಹಿಡಿದು ಮದುವೆ ನಿರಾಕರಿಸಿದರೆ ಜಿಲ್ಲಾ ನ್ಯಾಯಾಲಯಕ್ಕೆ ಮೂವತ್ತು ದಿನದಲ್ಲಿ ಮೇಲ್ಮನವಿ. ಆಕ್ಷೇಪಣೆ ಸದುದ್ದೇಶದ್ದಲ್ಲ ಎಂದು ಕಂಡರೆ ಆಕ್ಷೇಪಿಸಿದವರ ಮೇಲೆ ಒಂದು ಸಾವಿರ ರೂಪಾಯಿಯವರೆಗೆ ಖರ್ಚು ಹಾಕಬಹುದು. 1954ರಲ್ಲಿ ಅದು ದೊಡ್ಡ ಮೊತ್ತ, ಈಗ ಕೊಯ್ಲಿನ ಒಂದು ದಿನದ ಮಜೂರಿಯ ಆಸುಪಾಸು.

ಸಿಟ್ಟಿನಲ್ಲಿ ಕೆಲವರು ‘ಮಗಳ ಬುದ್ಧಿ ಸರಿಯಿಲ್ಲ’ ಎಂದು ಬರೆದುಕೊಡುವುದುಂಟು, ಆ ನಾಲ್ಕರಲ್ಲಿ ಹಿಡಿಯಲು ಸಿಗುವ ಕೊಂಬೆ ಅದೊಂದೇ ಎಂದು. ದಯವಿಟ್ಟು ಇದನ್ನು ಮಾಡಬೇಡಿ. ಸರ್ಕಾರಿ ಪುಸ್ತಕದಲ್ಲಿ ನಿಮ್ಮ ಸಹಿಯೊಂದಿಗೆ ಆ ಸಾಲು ಉಳಿಯುತ್ತದೆ. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಹಣ ಎಣಿಸುವವಳ ಬುದ್ಧಿಯನ್ನು ಅಧಿಕಾರಿ ಹತ್ತು ನಿಮಿಷದಲ್ಲಿ ಅಳೆಯುತ್ತಾರೆ. ಮಗಳು ಆ ಸಾಲನ್ನು ಮರೆಯುವುದಿಲ್ಲ.

ಹಾಗಾದರೆ ಹಿರಿಯರಿಗೆ ಈ ಅವಧಿಯಲ್ಲಿ ಮಾಡಲು ಕೆಲಸವಿಲ್ಲವೇ? ಇದೆ, ಮತ್ತು ಅದನ್ನು ಬೇರೆ ಯಾರೂ ಮಾಡುವುದಿಲ್ಲ. ನಿಶ್ಚಯದ ಮದುವೆಯಲ್ಲಿ ನಮ್ಮ ಕಡೆ ವಿಚಾರಣೆ ಎಂಬುದೊಂದು ನಡೆಯುತ್ತದೆ. ನೆಂಟರ ನೆಂಟರನ್ನು ಹಿಡಿದು ಹುಡುಗನ ಕೆಲಸ, ಸಾಲ, ಕುಡಿತ, ಕಾಯಿಲೆ, ಹಿಂದಿನ ಸಂಬಂಧ ಎಲ್ಲ ಜಾಲಾಡುತ್ತಾರೆ. ಪ್ರೇಮವಿವಾಹದಲ್ಲಿ ಇದು ಪೂರ್ತಿ ನಿಂತುಹೋಗುತ್ತದೆ. ಹುಡುಗಿಗೆ ವಿಚಾರಿಸುವುದೇ ಅವಮಾನ ಎನಿಸುತ್ತದೆ. ತಂದೆಗೆ, ವಿಚಾರಿಸಿದರೆ ಒಪ್ಪಿದಂತಾಗುತ್ತದೆ ಎಂಬ ಭಯ. ಸರ್ಕಾರ ವಿಚಾರಿಸುತ್ತದೆ ಎಂದುಕೊಳ್ಳಬೇಡಿ. ‘ನನಗೆ ಮೊದಲು ಮದುವೆಯಾಗಿಲ್ಲ’ ಎಂಬ ಪ್ರಮಾಣಪತ್ರವನ್ನು ಅಧಿಕಾರಿ ಫೈಲಿಗೆ ಸೇರಿಸುತ್ತಾರೆಯೇ ಹೊರತು ಹೊನ್ನಾವರಕ್ಕೋ, ಅವನು ಹಿಂದೆ ಕೆಲಸ ಮಾಡಿದ ಊರಿಗೋ ಹೋಗಿ ಕೇಳುವುದಿಲ್ಲ. ಮೊದಲ ಮದುವೆ ಇನ್ನೂ ಜೀವಂತವಾಗಿದ್ದರೆ ಎರಡನೆಯದು ಅಸಿಂಧು. ಅದನ್ನು ಕಂಡುಹಿಡಿಯಬಲ್ಲವರು ತಂದೆ, ಮಾವ, ದೊಡ್ಡಪ್ಪಂದಿರೇ. ಮಗಳಾದವಳು ಅವನ ಕೆಲಸದ ಜಾಗ, ಊರಿನ ವಿಳಾಸ, ಸಾಲದ ವಿವರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪಯ್ಯನ ಕೈಗೆ ಕೊಟ್ಟು ‘ನೀವೇ ವಿಚಾರಿಸಿ’ ಎನ್ನಬೇಕು. ಇದು ಅನುಮತಿ ಕೇಳಿದಂತೆ ಅಲ್ಲ. ಅವರ ಅನುಭವವನ್ನು ಅದು ಉಪಯೋಗಕ್ಕೆ ಬರುವ ಜಾಗದಲ್ಲಿ ಕೂರಿಸಿದಂತೆ. ಹುಡುಗನೂ ಇದಕ್ಕೆ ಮುಖ ಸಿಂಡರಿಸಬಾರದು. ಸಿಂಡರಿಸಿದರೆ ಹುಡುಗಿ ಯೋಚಿಸಬೇಕಾದ ವಿಷಯ ಅದು.

ತೋಟದ ಮಾತಿಗೆ ಬರುತ್ತೇನೆ. ಬಾಯಿಬಿಟ್ಟು ಹೇಳದಿದ್ದರೂ ಈ ಸೀಮೆಯ ಮನೆಗಳಲ್ಲಿ ಹಿರಿಯರ ದೊಡ್ಡ ಚಿಂತೆ ಇದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ನಮ್ಮ ಉದಾಹರಣೆಯ ಎರಡು ಎಕರೆ, ಅಂದರೆ 80 ಗುಂಟೆ, ನಿಜವಾಗಿಯೂ ಪಿತ್ರಾರ್ಜಿತ ಎಂದಾದರೆ, ಇವತ್ತು ಪಾಲು ಮಾಡಿದರೆ ಅಪ್ಪಯ್ಯ, ಮಗಳು, ಮಗ, ಜೊತೆಗೆ ಆಯಿ, ನಾಲ್ಕು ಭಾಗ, ತಲಾ 20 ಗುಂಟೆ. ‘ನಿಜವಾಗಿಯೂ’ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ. ಅಜ್ಜ ಆ ಕಾಯ್ದೆ ಬಂದ 1956ರ ನಂತರ ತೀರಿಕೊಂಡು, ಅವರ ಸ್ವಂತದ್ದು ವಾರಸಿನಿಂದ ತಂದೆಗೆ ಬಂದಿದ್ದರೆ ಅದು ತಂದೆಯ ಸ್ವಂತ ಆಸ್ತಿಯಾಗಬಹುದು, ಅದನ್ನು ಅವರು ಯಾರಿಗೆ ಬೇಕಾದರೂ ಉಯಿಲು ಮಾಡಬಹುದು. ಪಹಣಿಯಲ್ಲಿ ಹೆಸರು ನೋಡಿದರೆ ಇದು ತಿಳಿಯುವುದಿಲ್ಲ. ಹಳೆಯ ಪಾಲುಪತ್ರ ಮತ್ತು ಮ್ಯುಟೇಶನ್ ತೆಗೆಸಿ, ಯಾವಾಗ ಯಾರಿಂದ ಹೇಗೆ ಬಂತು ಎಂದು ನೋಡಬೇಕು.

ಇನ್ನು ವಿಶೇಷ ವಿವಾಹ ಕಾಯ್ದೆ ಇದಕ್ಕೆ ಏನು ಮಾಡುತ್ತದೆ? ಇಬ್ಬರೂ ಹಿಂದೂ, ಬೌದ್ಧ, ಸಿಖ್, ಜೈನರಾದರೆ ಏನೂ ಮಾಡುವುದಿಲ್ಲ. 1976ರಲ್ಲಿ ಸೇರಿಸಿದ 21-ಎ ಸೆಕ್ಷನ್ ಅದನ್ನು ಖಚಿತ ಮಾಡಿದೆ. ನಮ್ಮ ಜೋಡಿಯಂತೆ ಒಬ್ಬರು ಕ್ರೈಸ್ತರಾದರೆ ಎರಡು ಬದಲಾವಣೆ ಆಗುತ್ತವೆ. ಮದುವೆಯ ದಿನವೇ ಅವಳು ಅವಿಭಕ್ತ ಕುಟುಂಬದಿಂದ ಬೇರೆಯಾದಳು ಎಂದು ಕಾನೂನು ಎಣಿಸುತ್ತದೆ. ಬೇರೆಯಾದಳು ಎಂದರೆ ಪಾಲು ಕಳೆದುಕೊಂಡಳು ಎಂದಲ್ಲ, ಪಾಲು ಅಂದಿಗೆ ನಿಗದಿಯಾಯಿತು ಎಂದು. ಎರಡನೆಯದು, ಮುಂದೆ ಅವಳ ಆಸ್ತಿ ವಾರಸಿಗೆ ಹೋಗುವುದು ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಡಿ. ಉಯಿಲು ಬರೆಯದೆ ತೀರಿಕೊಂಡರೆ ಗಂಡನಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಎರಡು. ಮಕ್ಕಳಿಲ್ಲದೆ ತವರಿನ ರಕ್ತಸಂಬಂಧಿಗಳಿದ್ದರೆ ಗಂಡನಿಗೆ ಅರ್ಧ, ಅವರಿಗೆ ಅರ್ಧ. 20 ಗುಂಟೆಯಲ್ಲಿ ಹಾಗೆ ಗಂಡನಿಗೆ ಹೋಗುವುದು ಮೊದಲ ಲೆಕ್ಕದಲ್ಲಿ ಆರೂ ಮುಕ್ಕಾಲು ಗುಂಟೆಗಿಂತ ಕಡಿಮೆ. ‘ತೋಟವೆಲ್ಲ ಹೊರಗಿನವರ ಪಾಲಾಗುತ್ತದೆ’ ಎಂಬ ಭಯವನ್ನು ಗುಂಟೆಯ ಲೆಕ್ಕಕ್ಕೆ ಇಳಿಸಿದಾಗ ಅದರ ನಿಜವಾದ ಅಳತೆ ಕಾಣುತ್ತದೆ. ಅವಳು ಒಂದು ಉಯಿಲು ಬರೆದರೆ, ಅಥವಾ ಪಾಲಿನ ಹೊತ್ತಿಗೆ ನೆಲದ ಬದಲು ಹಣ ತೆಗೆದುಕೊಂಡರೆ, ಅಷ್ಟೂ ಉಳಿಯುವುದಿಲ್ಲ.

ಇಲ್ಲಿ ಮಕ್ಕಳಿಗೆ ಒಂದು ಎಚ್ಚರಿಕೆ. ‘ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಮದುವೆಗೆ ನಮ್ಮದೇನೂ ಅಡ್ಡಿಯಿಲ್ಲ’ ಎಂಬ ಮಾತು ಈ ಮೂವತ್ತು ದಿನದಲ್ಲಿ ಬರುವ ಸಂಭವ ಬಹಳ. ಆಗ ಸಹಿ ಹಾಕಬೇಡಿ. ಪಾಲು ಬೇಕೆಂಬ ಆಸೆಗಾಗಿ ಈ ಮಾತಲ್ಲ; ನೋಂದಣಿಯಾದ ಬಿಡುಗಡೆ ಪತ್ರವನ್ನು ಹಿಂದೆಗೆಯುವುದು ಬಹಳ ಕಷ್ಟ, ಮತ್ತು ಆಶೀರ್ವಾದಕ್ಕೆ ಕಟ್ಟಿದ ಬೆಲೆ ಆಮೇಲೆ ಎರಡೂ ಕಡೆ ಕೊರೆಯುತ್ತದೆ. ಬಿಡುವುದಿದ್ದರೆ ಮದುವೆಯಾಗಿ ಒಂದು ವರ್ಷ ಕಳೆದ ಮೇಲೆ, ನಿಮ್ಮದೇ ವಕೀಲರಿಗೆ ತೋರಿಸಿ ಬಿಡಿ. ತಮ್ಮನಾದವನು ತೋಟದಲ್ಲೇ ದುಡಿಯುವವನಾದರೆ ಆಗ ಬಿಟ್ಟುಕೊಡುವುದು ಒಳ್ಳೆಯ ಮಾತೇ ಆಗಬಹುದು.

ಹೊನ್ನಾವರದ ಮನೆಯ ಚಿಂತೆ ಬೇರೆ, ಅದನ್ನು ಘಟ್ಟದ ಮೇಲಿನವರು ಯೋಚಿಸುವುದೇ ಕಡಿಮೆ. ಕ್ಯಾಥೊಲಿಕ್ ತಾಯಿಗೆ ರಿಜಿಸ್ಟರ್ ಮದುವೆ ಎಂದರೆ ಮಗ ಸಂಸ್ಕಾರವಿಲ್ಲದೆ ಸಂಸಾರ ಮಾಡಿದಂತೆ. ಚರ್ಚಿನ ನಿಯಮದಲ್ಲಿ ಸ್ನಾನದೀಕ್ಷೆ ಆಗದವರನ್ನು ಮದುವೆಯಾಗಲು ಬಿಷಪರ ವಿನಾಯಿತಿ ಬೇಕು. ನಮ್ಮ ಜಿಲ್ಲೆಯವರಿಗೆ ಅದು 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತದಿಂದ ಬರಬೇಕು, ಅರ್ಜಿ ಹೋಗುವುದು ಊರಿನ ಚರ್ಚಿನ ಪಾದ್ರಿಗಳ ಮೂಲಕ. ಮಕ್ಕಳಿಗೆ ದೀಕ್ಷೆ ಕೊಡಿಸಿ ಆ ನಂಬಿಕೆಯಲ್ಲಿ ಬೆಳೆಸಲು ತನ್ನಿಂದಾದಷ್ಟು ಮಾಡುತ್ತೇನೆ ಎಂದು ಕ್ಯಾಥೊಲಿಕ್ ಕಡೆಯವರು ಮಾತು ಕೊಡಬೇಕು. ಹುಡುಗಿಯಿಂದ ಸಹಿ ಕೇಳುವುದಿಲ್ಲ, ಆದರೆ ಈ ಮಾತು ಕೊಟ್ಟದ್ದು ಅವಳಿಗೆ ತಿಳಿದಿರಬೇಕು. ಈ ಒಂದು ಸಾಲು ಅವಳಿಗೆ ಮದುವೆಯಾದ ಮೇಲೆ ತಿಳಿಯಬಾರದು. ಮಗುವಿಗೆ ದೀಕ್ಷೆಯೋ, ಉಪನಯನವೋ, ಎರಡೂ ಬೇಡವೋ ಎಂದು ಈ ಮೂವತ್ತು ದಿನದಲ್ಲೇ ಇಬ್ಬರೂ ಕುಳಿತು ಮಾತಾಡಿ, ಎರಡೂ ಮನೆಗೆ ಒಂದೇ ಉತ್ತರ ಹೇಳಬೇಕು. ಅಲ್ಲೊಂದು ಇಲ್ಲೊಂದು ಹೇಳಿ ದಾಟಿಸಿದವರು ಮೊದಲ ಮಗುವಿನ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಮೀನಿನ ಪ್ರಶ್ನೆಯೂ ಹೀಗೆಯೇ. ನಗಬೇಡಿ, ದೇವರ ಕೋಣೆಗಿಂತ ಅಡುಗೆಮನೆಯ ಪಾತ್ರೆಗಳ ವಿಷಯದಲ್ಲಿ ಮುನಿಸು ಹೆಚ್ಚು ದಿನ ಉಳಿಯುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಮಾತಾಡಲು ಸಾಧ್ಯವಿರುವ ಮನೆಗೆ. ಸಾಧ್ಯವಿಲ್ಲದ ಮನೆಗಳೂ ಇವೆ, ಅಲ್ಲಿ ಮೊದಲೇ ಹೇಳಬೇಕೆಂಬ ಸಲಹೆ ಅಪಾಯಕಾರಿ. ಅಳು, ಕೂಗು, ಊಟ ಬಿಡುವುದು, ಎರಡು ವಾರದ ಮೌನ, ಇವು ನೋವಿನ ಲಕ್ಷಣ. ಫೋನ್ ಕಸಿದುಕೊಳ್ಳುವುದು, ಮೂಲ ದಾಖಲೆ ಬೀರುವಿನಲ್ಲಿಟ್ಟು ಬೀಗ ಹಾಕುವುದು, ಕೆಲಸಕ್ಕೆ ರಾಜೀನಾಮೆ ಬರೆಸುವುದು, ದೂರದ ನೆಂಟರ ಮನೆಗೆ ಸಾಗಿಸುವುದು, ಹದಿನೈದು ದಿನದಲ್ಲಿ ಬೇರೆ ನಿಶ್ಚಯ ಮಾಡುವುದು, ಹುಡುಗನಿಗೆ ಏನಾದರೂ ಮಾಡುತ್ತೇವೆ ಎನ್ನುವುದು, ಇವು ಬೇರೆ ಬಗೆಯ ಲಕ್ಷಣ. ಹಿಂದೆ ಅಕ್ಕನಿಗೋ ಚಿಕ್ಕಪ್ಪನ ಮಗಳಿಗೋ ಹೀಗೆ ಮಾಡಿದ ಮನೆ ನಿಮ್ಮದಾಗಿದ್ದರೆ ಮನೆಗೆ ಹೋಗಿ ಹೇಳಬೇಡಿ. ನೀವು ದೂರದಲ್ಲಿದ್ದುಕೊಂಡು, ದಾಖಲೆ ನಿಮ್ಮ ಕೈಯಲ್ಲಿಟ್ಟುಕೊಂಡು, ಪತ್ರದಲ್ಲಿ ಹೇಳಿ. ಪ್ರಾಯಕ್ಕೆ ಬಂದವರನ್ನು ಮನೆಯಲ್ಲಿ ಕೂಡಿಹಾಕುವುದು ಅಪರಾಧ, ತಂದೆಯೇ ಕೂಡಿಹಾಕಿದರೂ. ಸ್ನೇಹಿತರು ಯಾರಾದರೂ ಧಾರವಾಡದ ಹೈಕೋರ್ಟ್ ಪೀಠದಲ್ಲಿ, ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ನ್ಯಾಯಾಲಯ ಕೇಳುವುದು ಹುಡುಗಿಯನ್ನೇ. ಅದಕ್ಕೂ ಮೊದಲು ಫೋನ್ ಮಾಡಲು ತುರ್ತು ಸಹಾಯಕ್ಕೆ 112, ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ ಈ ನೆರವು ಆದಾಯ ಎಷ್ಟೇ ಇದ್ದರೂ ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ.

ತಂದೆತಾಯಿಯರು ಪೊಲೀಸ್ ಠಾಣೆಗೆ ಹೋಗಿ ‘ಮಗಳು ಕಾಣೆ’ ಎಂದು ದೂರು ಕೊಡುವ ರೂಢಿಯ ಬಗ್ಗೆಯೂ ಒಂದು ಮಾತು. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯ ಪ್ರಕರಣವೊಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಮದುವೆಯಾಗಿದ್ದೇನೆ ಎಂದು ಯುವತಿ ತಿಳಿಸಿದ ಮೇಲೂ ತನಿಖಾಧಿಕಾರಿ ಠಾಣೆಗೇ ಬಂದು ಹೇಳಿಕೆ ಕೊಡಬೇಕೆಂದು ಒತ್ತಾಯಿಸಿದ್ದರು. ನ್ಯಾಯಾಲಯ ಆ ಎಫ್‌ಐಆರ್ ರದ್ದು ಮಾಡಿತು; ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದ ಮೇಲೆ ಕುಟುಂಬದ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದಿತು; ಇಂಥ ಪ್ರಕರಣಗಳನ್ನು ನಿಭಾಯಿಸುವ ಬಗ್ಗೆ ಪೊಲೀಸರಿಗೆ ಮಾರ್ಗಸೂಚಿ ಮತ್ತು ತರಬೇತಿ ಬೇಕೆಂದಿತು. 2006ರಲ್ಲೇ ಇದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ ಹೇಳಿದ್ದೂ ಹಿರಿಯರಿಗೆ ಗೊತ್ತಿರಬೇಕು: ಮದುವೆ ಒಪ್ಪಿಗೆಯಾಗದ ತಂದೆತಾಯಿ ಹೆಚ್ಚೆಂದರೆ ಸಂಬಂಧ ಕಡಿದುಕೊಳ್ಳಬಹುದು, ಬೆದರಿಕೆ, ಹಿಂಸೆ, ಕಿರುಕುಳ ಕೂಡದು. ಮಾತು ಬಿಡುವ ಹಕ್ಕು ನಿಮಗಿದೆ, ಅದನ್ನು ಯಾವ ನ್ಯಾಯಾಲಯವೂ ಕಸಿದಿಲ್ಲ.

ಮದುವೆಯ ದಿನ ಮಾಡಬೇಕಾದದ್ದು ಸ್ವಲ್ಪವೇ. ಇಬ್ಬರೂ, ಮೂವರು ಸಾಕ್ಷಿಗಳೂ ಘೋಷಣೆಗೆ ಸಹಿ ಹಾಕಬೇಕು. ಅಧಿಕಾರಿ ಮತ್ತು ಸಾಕ್ಷಿಗಳ ಎದುರು ಒಬ್ಬರಿಗೊಬ್ಬರು, ತಮಗೆ ಅರ್ಥವಾಗುವ ಭಾಷೆಯಲ್ಲಿ, ನಿನ್ನನ್ನು ನನ್ನ ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಇದು ಕಚೇರಿಯಲ್ಲೇ ಆಗಬೇಕೆಂದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ ಕಚೇರಿಯಿಂದ ಹೆಚ್ಚು ದೂರವಲ್ಲದ ಬೇರೆ ಜಾಗದಲ್ಲೂ ಆಗಬಹುದು, ಯಾವ ಶಾಸ್ತ್ರ ಬೇಕಾದರೂ ಜೊತೆಗಿಟ್ಟುಕೊಳ್ಳಬಹುದು. ಎರಡೂ ಮನೆಯ ಹಿರಿಯರು ಬರಲು ಒಪ್ಪಿದರೆ ಒಂದು ಸಭಾಂಗಣ ಹಿಡಿದು ಅಲ್ಲಿಗೇ ಅಧಿಕಾರಿಯನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಚೇರಿಯ ಬೆಂಚಿನ ಮೇಲೆ ಪಾಲುಪತ್ರದವರ ಸಾಲಿನಲ್ಲಿ ಕೂರಿಸಿದರೆ ಅಜ್ಜಿಗೆ ಅದು ಮದುವೆ ಎನಿಸುವುದೇ ಇಲ್ಲ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: ‘ನನಗೆ ಈ ಸಂಬಂಧ ಮನಸ್ಸಿಗೆ ಬಂದಿಲ್ಲ ಅಂತಿಟ್ಟುಕೊಳ್ಳಿ. ಹಾಗಿದ್ದೂ ನಾನು ಸಾಕ್ಷಿ ಹಾಕಿದರೆ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವೋ?’

ಆಗುವುದಿಲ್ಲ. ಸಾಕ್ಷಿಗಳು ಸಹಿ ಹಾಕುವ ನಮೂನೆಯಲ್ಲಿ ಇರುವುದು ಎರಡೇ ಸಂಗತಿ: ಇವರಿಬ್ಬರೂ ನಮ್ಮ ಎದುರೇ ಸಹಿ ಹಾಕಿದರು ಎಂಬುದು, ಮತ್ತು ನಮಗೆ ತಿಳಿದ ಮಟ್ಟಿಗೆ ಈ ಮದುವೆಗೆ ಕಾನೂನಿನ ಅಡ್ಡಿಯಿಲ್ಲ ಎಂಬುದು. ಮನಸ್ಸಿಗೆ ಬಂತೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಆಧಾರ್ ಕಾರ್ಡು ತೆಗೆದುಕೊಂಡು ಹೋಗಿ.